ಉದ್ದೇಶಪೂರ್ವಕ ಅಭ್ಯಾಸ

ಒಂದು ಕೌಶಲದಲ್ಲಿ ಈಗಿರುವ ನಿರ್ದಿಷ್ಟ ಕೊರತೆಯೊಂದನ್ನು ಗುರುತಿಸಿ, ಅದನ್ನು ನೀಗಿಸುವುದಕ್ಕೆಂದೇ ರೂಪಿಸಿದ ಸಾಧನೆಯನ್ನು ಪೂರ್ಣ ಗಮನವಿಟ್ಟು ಮಾಡಿ, ಪ್ರತಿ ಪ್ರಯತ್ನದ ಫಲಿತಾಂಶವನ್ನು ಕೂಡಲೇ ಪರೀಕ್ಷಿಸಿ, ಮುಂದಿನ ಪ್ರಯತ್ನವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತ ಹೋಗುವ ಕಲಿಕೆಯ ಕ್ರಮವನ್ನು ಮನೋವಿಜ್ಞಾನದಲ್ಲಿ ಉದ್ದೇಶಪೂರ್ವಕ ಅಭ್ಯಾಸವೆಂದು ಕರೆಯುತ್ತಾರೆ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಬರಿಯ ಪುನರಾವರ್ತನೆಯಿಂದ ಇದು ಬೇರೆಯಾಗುವುದು ಶ್ರಮದ ಪ್ರಮಾಣದಲ್ಲಾಗಲಿ ಗಂಟೆಗಳ ಲೆಕ್ಕದಲ್ಲಾಗಲಿ ಅಲ್ಲ. ತಪ್ಪೊಂದು ನಡೆದ ಮರುಕ್ಷಣದಲ್ಲಿ ಕಲಿಯುವವನು ಏನು ಮಾಡುತ್ತಾನೆ ಎಂಬಲ್ಲಿ. ಪುನರಾವರ್ತನೆಯಲ್ಲಿ ತಪ್ಪನ್ನು ದಾಟಿ ಮುಂದೆ ಹೋಗುವುದು ಅಥವಾ ಮೊದಲಿನಿಂದ ಶುರುಮಾಡುವುದು ವಾಡಿಕೆ. ಉದ್ದೇಶಪೂರ್ವಕ ಅಭ್ಯಾಸದಲ್ಲಿ ಕೆಲಸ ಆರಂಭವಾಗುವುದೇ ಆ ತಪ್ಪಿನಿಂದ. ಈ ಲೇಖನವು ವಿಷಯವನ್ನು ಮುಖ್ಯವಾಗಿ ವಾದ್ಯ ಸಂಗೀತದ ಕಲಿಕೆಯ ಮೂಲಕ ವಿವರಿಸುತ್ತದೆ, ಏಕೆಂದರೆ ಈ ಕಲ್ಪನೆಯನ್ನು ಹುಟ್ಟುಹಾಕಿದ ಸಂಶೋಧನೆಯೂ ಅದನ್ನು ಅತ್ಯಂತ ಸೂಕ್ಷ್ಮವಾಗಿ ಪರೀಕ್ಷಿಸಿದ ಸಂಶೋಧನೆಯೂ ನಡೆದಿರುವುದು ವಾದಕರ ನಡುವೆ.

ಕೌಶಲ ಬೆಳೆಯುತ್ತ ಬೆಳೆಯುತ್ತ ಒಂದೆಡೆ ನಿಂತುಬಿಡುವುದನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಗಮನಿಸಿದ್ದರು. ಅಮೆರಿಕದ ಇಂಡಿಯಾನಾದಲ್ಲಿ ವಿಲಿಯಂ ಲೋ ಬ್ರಯನ್ ಮತ್ತು ನೋಬಲ್ ಹಾರ್ಟರ್ ಎಂಬಿಬ್ಬರು 1897 ಮತ್ತು 1899ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ತಂತಿ ಕಚೇರಿಯಲ್ಲಿ ಮೋರ್ಸ್ ಸಂಕೇತಗಳನ್ನು ಕೇಳಿ ಬರೆದುಕೊಳ್ಳಲು ಕಲಿಯುವವರ ವೇಗ ಕೆಲಕಾಲ ಏರಿ, ಆಮೇಲೆ ವಾರಗಟ್ಟಲೆ ಏರದೆ ಮಟ್ಟಸವಾಗಿ ಉಳಿಯುವುದನ್ನು ರೇಖಾಚಿತ್ರಗಳ ಮೂಲಕ ತೋರಿಸಿದರು. ಹೀಗೇಕೆ ಆಗುತ್ತದೆ ಎಂಬುದಕ್ಕೆ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಮಂಡಿಸಿದ ಮೂರು ಹಂತಗಳ ವಿವರಣೆ ಇಂದಿಗೂ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಕಲಿಯುವವನು ಪ್ರತಿ ಚಲನೆಯನ್ನೂ ಯೋಚಿಸಿ ಮಾಡುತ್ತಾನೆ. ಎರಡನೆಯದರಲ್ಲಿ ಚಲನೆಗಳು ಒಂದಕ್ಕೊಂದು ಹೊಂದಿಕೊಂಡು ತಪ್ಪುಗಳು ಕಡಿಮೆಯಾಗುತ್ತವೆ. ಮೂರನೆಯದರಲ್ಲಿ ಕೆಲಸ ತನ್ನಷ್ಟಕ್ಕೆ ನಡೆಯತೊಡಗಿ, ಮನಸ್ಸು ಬೇರೆಡೆ ಅಲೆದಾಡಿದರೂ ಕೈ ನಿಲ್ಲುವುದಿಲ್ಲ. ಸೈಕಲ್ ತುಳಿಯುವುದಕ್ಕೋ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೋ ಈ ಮೂರನೆಯ ಹಂತವೇ ಗುರಿ. ಆದರೆ ಇನ್ನೂ ಮೇಲೇರಬೇಕಾದ ಕೌಶಲಕ್ಕೆ ಇದೇ ತಡೆ, ಏಕೆಂದರೆ ಗಮನದಿಂದ ಜಾರಿಹೋದ ಚಲನೆಯನ್ನು ತಿದ್ದುವ ದಾರಿಯೂ ಅದರೊಂದಿಗೆ ಮುಚ್ಚಿಹೋಗುತ್ತದೆ. ಆ ಬಳಿಕ ಎಷ್ಟು ವರ್ಷ ಮಾಡಿದರೂ ಗಟ್ಟಿಯಾಗುವುದು ಆ ಹೊತ್ತಿಗೆ ಇದ್ದ ಮಟ್ಟವೇ. ವೈದ್ಯರ ವೃತ್ತಿಯ ವರ್ಷಗಳಿಗೂ ಅವರು ನೀಡುವ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧವನ್ನು ಕುರಿತ 62 ಅಧ್ಯಯನಗಳನ್ನು 2005ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಷ ಹೆಚ್ಚಿದಂತೆ ಅಳತೆಗೆ ಸಿಕ್ಕ ಎಲ್ಲ ವಿಷಯಗಳಲ್ಲೂ ಗುಣಮಟ್ಟ ಇಳಿದಿರುವುದು ಕಂಡುಬಂದದ್ದು ಇದಕ್ಕೆ ಹೊಂದುವ ಸಂಗತಿ.

ಈ ತಡೆಯನ್ನು ದಾಟುವವರು ಹೇಗೆ ದಾಟುತ್ತಾರೆ ಎಂಬ ಪ್ರಶ್ನೆಯನ್ನು ಜೀವಮಾನದ ಕೆಲಸವಾಗಿ ಎತ್ತಿಕೊಂಡವನು ಸ್ವೀಡನ್ ಮೂಲದ ಮನೋವಿಜ್ಞಾನಿ ಕೆ. ಆಂಡರ್ಸ್ ಎರಿಕ್ಸನ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಚೇಸ್ ಜೊತೆಗೂಡಿ ಆತ ನಡೆಸಿ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಮ್ಮೆ ಕೇಳಿದ ಅಂಕಿಗಳಲ್ಲಿ ಮೊದಲು ಎಲ್ಲರಂತೆ ಏಳನ್ನಷ್ಟೇ ನೆನಪಿನಿಂದ ಹೇಳಬಲ್ಲವನಾಗಿದ್ದ ವಿದ್ಯಾರ್ಥಿಯೊಬ್ಬ ಸುಮಾರು 230 ಗಂಟೆಗಳ ಅಭ್ಯಾಸದ ಬಳಿಕ 79 ಅಂಕಿಗಳನ್ನು ಹೇಳುವ ಮಟ್ಟಕ್ಕೆ ಬಂದ. ಓಟಗಾರನೂ ಆಗಿದ್ದ ಆತ ಅಂಕಿಗಳನ್ನು ಮೂರು ನಾಲ್ಕರ ಗುಂಪುಗಳಾಗಿ ಒಡೆದು, ಅವುಗಳನ್ನು ಓಟದ ಪಂದ್ಯಗಳ ಸಮಯಗಳಾಗಿ ನೆನಪಿಡುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನ ಸಾಮರ್ಥ್ಯ ಸುಮಾರು ಆರಕ್ಕೇ ಇಳಿಯಿತು. ಅಭ್ಯಾಸದಿಂದ ಬೆಳೆದದ್ದು ಒಟ್ಟಾರೆ ನೆನಪಿನ ಶಕ್ತಿಯಲ್ಲ, ಒಂದು ನಿರ್ದಿಷ್ಟ ಕೆಲಸಕ್ಕೆ ಒದಗುವ ಮಾನಸಿಕ ಜೋಡಣೆ ಎಂಬುದು ಇದರಿಂದ ಸ್ಪಷ್ಟವಾಯಿತು. ಎರಿಕ್ಸನ್ ಮುಂದೆ ಇದನ್ನೇ ಮನೋಚಿತ್ರವೆಂಬ ಅರ್ಥದಲ್ಲಿ ವಿಸ್ತರಿಸಿದ: ನಿಪುಣನಾದವನಲ್ಲಿ ಕೆಲಸ ಹೇಗಿರಬೇಕು ಎಂಬುದರ ಸ್ಪಷ್ಟ ಚಿತ್ರವೊಂದು ಮನಸ್ಸಿನಲ್ಲಿರುತ್ತದೆ, ಅದಕ್ಕೆ ಹೋಲಿಸಿಯೇ ಅವನು ತನ್ನ ತಪ್ಪನ್ನು ಕಂಡುಹಿಡಿಯುತ್ತಾನೆ.

ಉದ್ದೇಶಪೂರ್ವಕ ಅಭ್ಯಾಸವೆಂಬ ಹೆಸರು ನೆಲೆಯೂರಿದ್ದು 1993ರಲ್ಲಿ, ಎರಿಕ್ಸನ್, ರಾಲ್ಫ್ ಕ್ರಾಂಪೆ ಮತ್ತು ಕ್ಲೆಮೆನ್ಸ್ ಟೆಶ್-ರೋಮರ್ ಅವರ ಪ್ರಬಂಧದಿಂದ. ಪಶ್ಚಿಮ ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳನ್ನು ಅಲ್ಲಿನ ಅಧ್ಯಾಪಕರ ಅಭಿಪ್ರಾಯದಂತೆ ಅತ್ಯುತ್ತಮರು, ಉತ್ತಮರು ಮತ್ತು ಸಂಗೀತ ಶಿಕ್ಷಕರಾಗಲು ಓದುತ್ತಿರುವವರು ಎಂದು ಹತ್ತು ಹತ್ತು ಮಂದಿಯ ಮೂರು ಗುಂಪುಗಳಾಗಿ ವಿಂಗಡಿಸಿ, ಬಾಲ್ಯದಿಂದ ಅವರು ಒಬ್ಬರೇ ಕುಳಿತು ಸಾಧನೆ ಮಾಡಿದ ಗಂಟೆಗಳನ್ನು ಅವರಿಂದಲೇ ಕೇಳಿ ಲೆಕ್ಕ ಹಾಕಲಾಯಿತು. 18ನೆಯ ವಯಸ್ಸಿನ ಹೊತ್ತಿಗೆ ಅತ್ಯುತ್ತಮರು ಸರಾಸರಿ 7,410 ಗಂಟೆ, ಉತ್ತಮರು 5,301 ಗಂಟೆ, ಶಿಕ್ಷಕರಾಗಲಿದ್ದವರು 3,420 ಗಂಟೆ ಸಾಧನೆ ಮಾಡಿದ್ದರು. ಇಲ್ಲಿ ಎಣಿಸಿದ್ದು ಕಚೇರಿ ಕೊಟ್ಟ ಸಮಯವನ್ನಲ್ಲ, ಗೆಳೆಯರೊಡನೆ ಖುಷಿಗಾಗಿ ನುಡಿಸಿದ ಸಮಯವನ್ನೂ ಅಲ್ಲ. ಗುರು ವಾರಕ್ಕೊಮ್ಮೆ ಪಾಠದಲ್ಲಿ ತೋರಿಸಿಕೊಟ್ಟ ಕೊರತೆಗಳನ್ನು ತಿದ್ದಿಕೊಳ್ಳಲು ಒಬ್ಬರೇ ಮಾಡಿದ ಕೆಲಸವನ್ನು ಮಾತ್ರ ಸಂಶೋಧಕರು ಬೇರೆ ಮಾಡಿ ನೋಡಿದ್ದರು. ಈ ವಿಂಗಡಣೆಯೇ ಪ್ರಬಂಧದ ತಿರುಳು.

ಆದರೆ ಜನಪ್ರಿಯ ಓದಿನಲ್ಲಿ ಉಳಿದುಕೊಂಡದ್ದು ತಿರುಳಲ್ಲ, ಅಂಕಿ. ಅತ್ಯುತ್ತಮರ ಗುಂಪಿನ ಸರಾಸರಿ 20ನೆಯ ವಯಸ್ಸಿಗೆ 10,000 ಗಂಟೆ ದಾಟಿತ್ತೆಂಬುದನ್ನು ಹಿಡಿದು ಮಾಲ್ಕಮ್ ಗ್ಲಾಡ್‌ವೆಲ್ 2008ರ ತನ್ನ ‘ಔಟ್‌ಲೈಯರ್ಸ್’ ಪುಸ್ತಕದಲ್ಲಿ ಹತ್ತು ಸಾವಿರ ಗಂಟೆಗಳ ನಿಯಮವನ್ನು ಪ್ರಚಾರಕ್ಕೆ ತಂದ. ಎರಿಕ್ಸನ್ ಇದನ್ನು ಒಪ್ಪಲಿಲ್ಲ. ಅದು ಸರಾಸರಿಯಾದ್ದರಿಂದ ಆ ಗುಂಪಿನಲ್ಲೇ ಹಲವರು ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ, ಇಪ್ಪತ್ತರ ಹರೆಯದ ಆ ವಿದ್ಯಾರ್ಥಿಗಳು ಆಗಿನ್ನೂ ಜಗತ್ತಿನ ಶ್ರೇಷ್ಠ ವಾದಕರೂ ಆಗಿರಲಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಬಗೆಯ ಗಂಟೆ ಎಂಬುದೇ ಆ ನಿಯಮದಲ್ಲಿ ಕಳೆದುಹೋಗಿತ್ತು. ಗಂಟೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡದೆ ಈ ವ್ಯತ್ಯಾಸ ಅರ್ಥವಾಗುವುದಿಲ್ಲ.

ಹಾಗೆ ಒಳಹೊಕ್ಕು ನೋಡಿದ ಅಧ್ಯಯನವೆಂದರೆ ರಾಬರ್ಟ್ ಡ್ಯೂಕ್, ಆಮಿ ಸಿಮನ್ಸ್ ಮತ್ತು ಕಾರ್ಲಾ ಡೇವಿಸ್ ಕ್ಯಾಶ್ ಅವರು 2009ರಲ್ಲಿ ಪ್ರಕಟಿಸಿದ್ದು. ಪಿಯಾನೊ ನುಡಿಸುವ 17 ಮಂದಿ ಮುಂದುವರಿದ ವಿದ್ಯಾರ್ಥಿಗಳಿಗೆ ಶೊಸ್ತಕೋವಿಚ್‌ನ ಮೊದಲ ಪಿಯಾನೊ ಕಂಚೆರ್ಟೊದಿಂದ ಆಯ್ದ ಬರೀ ಮೂರು ಆವರ್ತಗಳಷ್ಟು ಉದ್ದದ ಕಷ್ಟದ ತುಣುಕೊಂದನ್ನು ಕೊಟ್ಟು, ತಮಗೆ ತೃಪ್ತಿಯಾಗುವಷ್ಟು ಹೊತ್ತು ಸಾಧನೆ ಮಾಡಲು ಬಿಟ್ಟರು. ಮರುದಿನ ಅದೇ ತುಣುಕನ್ನು 15 ಸಲ ನುಡಿಸಲು ಹೇಳಿ, ನುಡಿಸಿದ್ದರ ಗುಣಮಟ್ಟವನ್ನು ಅಳೆದು ಎಲ್ಲರನ್ನೂ ಕ್ರಮವಾಗಿ ಜೋಡಿಸಿದರು. ಹಿಂದಿನ ದಿನ ಎಷ್ಟು ನಿಮಿಷ ಸಾಧನೆ ಮಾಡಿದರು, ತುಣುಕನ್ನು ಎಷ್ಟು ಸಲ ನುಡಿಸಿದರು ಎಂಬ ಎರಡಕ್ಕೂ ಮರುದಿನದ ಸ್ಥಾನಕ್ಕೂ ಸಂಬಂಧವೇ ಕಾಣಲಿಲ್ಲ. ಸಂಬಂಧ ಕಂಡದ್ದು ತಪ್ಪಾಗಿ ನುಡಿಸಿದ ಸಲಗಳ ಸಂಖ್ಯೆಗೆ, ಮತ್ತು ಒಟ್ಟು ಪ್ರಯತ್ನಗಳಲ್ಲಿ ಸರಿಯಾದವುಗಳ ಪಾಲಿಗೆ.

ಈ ಫಲಿತಾಂಶದ ಅರ್ಥ ಬೆರಳ ತುದಿಯ ಮಟ್ಟಕ್ಕೆ ಇಳಿದು ನೋಡಿದರೆ ತಿಳಿಯುತ್ತದೆ. ವಿದ್ಯಾರ್ಥಿಯೊಬ್ಬ ತುಣುಕೊಂದನ್ನು ಒಂಬತ್ತು ಸಲ ತಪ್ಪಾಗಿ ನುಡಿಸಿ ಹತ್ತನೆಯ ಸಲ ಸರಿಯಾಗಿ ಬಂದಾಗ ‘ಬಂತು’ ಎಂದು ಮುಂದಿನದಕ್ಕೆ ಹೋದರೆ, ಅವನ ಕೈ ತಪ್ಪು ದಾರಿಯಲ್ಲಿ ಒಂಬತ್ತು ಸಲ ನಡೆದಿರುತ್ತದೆ, ಸರಿದಾರಿಯಲ್ಲಿ ಒಮ್ಮೆ. ಮರುದಿನ ಕೈ ಹಿಡಿಯುವುದು ಹೆಚ್ಚು ಸವೆದ ದಾರಿಯನ್ನೇ. ಪುನರಾವರ್ತನೆಗೆ ಸರಿ ತಪ್ಪುಗಳ ಭೇದ ಗೊತ್ತಿಲ್ಲ, ನಡೆದದ್ದನ್ನೆಲ್ಲ ಅದು ಗಟ್ಟಿಮಾಡುತ್ತದೆ. ಆ ಹದಿನೇಳು ಮಂದಿಯಲ್ಲಿ ಮೇಲಿನ ಸ್ಥಾನ ಪಡೆದ ಮೂವರು ಮೊದಮೊದಲು ಇತರರಿಗಿಂತ ಕಡಿಮೆ ತಪ್ಪು ಮಾಡಿದವರೇನಲ್ಲ. ತಪ್ಪು ನಡೆದಾಗ ಅವರು ವರ್ತಿಸಿದ ರೀತಿ ಬೇರೆಯಾಗಿತ್ತು. ಅವರು ತಪ್ಪು ಎಲ್ಲಿ, ಯಾವ ಕಾರಣಕ್ಕೆ ಆಯಿತೆಂಬುದನ್ನು ಖಚಿತವಾಗಿ ಹಿಡಿಯುತ್ತಿದ್ದರು. ಆ ಜಾಗಕ್ಕೆ ಬರುವ ಮುನ್ನವೇ ಕೆಲವೊಮ್ಮೆ ಕೈ ತಡೆದು ನಿಲ್ಲಿಸಿ ತಪ್ಪು ಮತ್ತೆ ನಡೆಯದಂತೆ ನೋಡಿಕೊಳ್ಳುತ್ತಿದ್ದರು. ವೇಗವನ್ನು ಮನಸ್ಸಿಗೆ ಬಂದಂತಲ್ಲದೆ ಕ್ರಮವಾಗಿ ಇಳಿಸಿ ಏರಿಸುತ್ತಿದ್ದರು. ತಪ್ಪು ಪೂರ್ತಿ ಹೋಗಿ ಸರಿಯಾದದ್ದು ನೆಲೆಗೊಳ್ಳುವವರೆಗೆ ಆ ಜಾಗವನ್ನು ಬಿಡುತ್ತಿರಲಿಲ್ಲ.

ಇದು ನಿತ್ಯದ ಸಾಧನೆಯಲ್ಲಿ ಹೇಗಿರುತ್ತದೆ ಎಂಬುದನ್ನು ಕರ್ನಾಟಕ ಸಂಗೀತದ ಪಿಟೀಲು ಪಾಠದ ಒಂದು ಪ್ರಸಂಗದಿಂದ ಬಿಡಿಸಿ ನೋಡಬಹುದು. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಕ್ರಮದಂತೆ ಮೊದಲ ಪಾಠಗಳಾದ ಸರಳೆ ವರಿಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ, ಆದಿತಾಳದಲ್ಲಿ, ಮೂರು ಕಾಲಗಳಲ್ಲಿ ಕಲಿಸುತ್ತಾರೆ. ಅಂದರೆ ತಾಳದ ಗತಿಯನ್ನು ಬದಲಿಸದೆ ಒಂದು ಅಕ್ಷರಕ್ಕೆ ಮೊದಲು ಒಂದು ಸ್ವರ, ಬಳಿಕ ಎರಡು, ಬಳಿಕ ನಾಲ್ಕು. ಪಿಟೀಲಿನಲ್ಲಿ ಎರಡನೆಯ ತಂತಿಯನ್ನು ಬೆರಳಿಡದೆ ನುಡಿಸಿದರೆ ಮಧ್ಯಸ್ಥಾಯಿಯ ಷಡ್ಜ. ತೋರುಬೆರಳು ರಿಷಭ, ನಡುಬೆರಳು ಗಾಂಧಾರ, ಉಂಗುರ ಬೆರಳು ಮಧ್ಯಮ. ಮೊದಲ ತಂತಿಯನ್ನು ಹಾಗೆಯೇ ನುಡಿಸಿದರೆ ಪಂಚಮ. ಈ ರಾಗದ ಶುದ್ಧ ರಿಷಭ ಷಡ್ಜಕ್ಕೆ ತೀರ ಹತ್ತಿರ, ಅಂತರ ಗಾಂಧಾರ ಮಧ್ಯಮಕ್ಕೆ ತೀರ ಹತ್ತಿರ, ರಿಷಭಕ್ಕೂ ಗಾಂಧಾರಕ್ಕೂ ನಡುವೆ ಮಾತ್ರ ದೊಡ್ಡ ತೆರವು. ಹಾರ್ಮೋನಿಯಂನಲ್ಲಿ ನೋಡಿದರೆ ಅಲ್ಲಿ ಎರಡು ಮನೆಗಳನ್ನು ಬಿಟ್ಟು ಮೂರನೆಯದಕ್ಕೆ ಹೋಗಬೇಕಾಗುತ್ತದೆ.

ಕೆಲವು ತಿಂಗಳಿಂದ ಕಲಿಯುತ್ತಿರುವ ವಿದ್ಯಾರ್ಥಿನಿಯೊಬ್ಬಳು ದಿನವೂ ನಲವತ್ತು ನಿಮಿಷ ವರಿಸೆಗಳನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಾಳೆ, ಆದರೆ ಎರಡನೆಯ ಕಾಲಕ್ಕೆ ಬಂದಾಗ ಶ್ರುತಿ ಕೆಟ್ಟಂತೆ ಕೇಳುತ್ತದೆ ಎಂದುಕೊಳ್ಳೋಣ. ‘ಇನ್ನೂ ಸಾಧನೆ ಸಾಲದು’ ಎಂದು ನಲವತ್ತನ್ನು ಅರವತ್ತು ನಿಮಿಷ ಮಾಡುವುದು ಪುನರಾವರ್ತನೆಯ ದಾರಿ. ಇನ್ನೊಂದು ದಾರಿಯಲ್ಲಿ ಮೊದಲ ಕೆಲಸ ತಪ್ಪಿನ ವಿಳಾಸವನ್ನು ಪತ್ತೆಹಚ್ಚುವುದು. ಶ್ರುತಿಪೆಟ್ಟಿಗೆಯನ್ನು ಹಾಕಿಕೊಂಡು ನುಡಿಸಿ, ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿದಾಗ ಆರೋಹಣದಲ್ಲಿ ಎಲ್ಲ ಸ್ವರಗಳೂ ಸರಿಯಾಗಿದ್ದು, ಅವರೋಹಣದಲ್ಲಿ ಗಾಂಧಾರದಿಂದ ಇಳಿಯುವಾಗ ರಿಷಭ ತುಸು ಏರಿ ನಿಲ್ಲುವುದು ಗೊತ್ತಾಗುತ್ತದೆ. ಹೀಗೆ ‘ಶ್ರುತಿ ಸರಿಯಿಲ್ಲ’ ಎಂಬ ಮಸುಕಾದ ದೂರು ‘ಗ ರಿ ಸ ಇಳಿಯುವಾಗ ರಿ ಏರುತ್ತದೆ’ ಎಂಬ ಖಚಿತ ಮಾತಾಗುತ್ತದೆ.

ಮುಂದಿನ ಪ್ರಶ್ನೆ, ತಪ್ಪು ಕಿವಿಯದೋ ಬೆರಳಿನದೋ ಎಂಬುದು. ಅದೇ ಮೂರು ಸ್ವರಗಳನ್ನು ಆಕೆ ಶ್ರುತಿಗೆ ಹಾಡಿ ತೋರಿಸಿದಾಗ ರಿಷಭ ತನ್ನ ಜಾಗದಲ್ಲೇ ಬಂದರೆ ಮನೋಚಿತ್ರ ಸರಿಯಾಗಿದೆ, ಕೊರತೆ ಕೈಯದು ಎಂದಾಯಿತು. ಹಾಡಿನಲ್ಲೂ ಏರಿದರೆ ಪಿಟೀಲನ್ನು ಬದಿಗಿಟ್ಟು ಮೊದಲು ಹಾಡಿ ಕಲಿಯಬೇಕಾಗುತ್ತದೆ, ಏಕೆಂದರೆ ಕಿವಿಗೆ ಗೊತ್ತಿಲ್ಲದ ಜಾಗವನ್ನು ಬೆರಳು ಹುಡುಕಲಾರದು. ಕೈಯದೇ ಎಂದಾದರೆ ಕಾರಣವೂ ಕಾಣುತ್ತದೆ: ಗಾಂಧಾರಕ್ಕೆ ನಡುಬೆರಳು ದೂರ ಚಾಚುವಾಗ ತೋರುಬೆರಳು ತಂತಿಯಿಂದ ಎದ್ದು, ಇಡೀ ಅಂಗೈ ಆ ಕಡೆಗೆ ಜರುಗಿ, ಮರಳುವಾಗ ತೋರುಬೆರಳು ಹೊಸ ಜಾಗದಲ್ಲಿ ಇಳಿಯುತ್ತಿದೆ. ಆರೋಹಣದಲ್ಲಿ ತಪ್ಪು ಕಾಣದಿದ್ದದ್ದು ಅಂಗೈ ಆಗಿನ್ನೂ ಜರುಗಿರದ ಕಾರಣದಿಂದ.

ಇಷ್ಟಾದ ಮೇಲೆ ಸಾಧನೆ ತೀರ ಚಿಕ್ಕದು. ಬರೀ ‘ಗ ರಿ ಸ’. ಮೊದಲು ತೋರುಬೆರಳನ್ನು ರಿಷಭದ ಮೇಲೆಯೇ ಊರಿಟ್ಟುಕೊಂಡು ನಡುಬೆರಳನ್ನು ಗಾಂಧಾರಕ್ಕೆ ಚಾಚಿ, ಅದನ್ನಷ್ಟೇ ಎತ್ತಿ ರಿಷಭವನ್ನು ನುಡಿಸುವುದು. ಮೆಟ್ರೊನೋಮನ್ನು ನಿಮಿಷಕ್ಕೆ 40 ಬಡಿತಕ್ಕೆ ಇಟ್ಟುಕೊಂಡು, ಸತತ ಐದು ಸಲ ರಿಷಭ ಶ್ರುತಿಗೆ ಕೂಡಿದರೆ ಮಾತ್ರ ಕೆಲವು ಬಡಿತ ಏರಿಸುವುದು, ಒಂದು ತಪ್ಪಿದರೂ ಲೆಕ್ಕವನ್ನು ಸೊನ್ನೆಯಿಂದ ಶುರುಮಾಡುವುದು. ಐದು ಎಂಬುದೇನೂ ಪವಿತ್ರ ಸಂಖ್ಯೆಯಲ್ಲ, ಆದರೆ ಸರಿಯಾದ ಪ್ರಯತ್ನಗಳ ಪಾಲು ತಪ್ಪಿನದಕ್ಕಿಂತ ಬಹಳ ಹೆಚ್ಚಿರುವಂತೆ ಅದು ನೋಡಿಕೊಳ್ಳುತ್ತದೆ. ಇದು ಕೈಗೆ ಬಂದ ಮೇಲೆ ‘ಮ ಗ ರಿ ಸ’, ಆಮೇಲೆ ‘ಪ ಮ ಗ ರಿ ಸ’. ಕೊನೆಯದರಲ್ಲಿ ಕಮಾನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಬೇಕಾದ್ದರಿಂದ ಗಮನ ಹಂಚಿಹೋಗಿ ಹಳೆಯ ತಪ್ಪು ಮರುಕಳಿಸುವುದುಂಟು. ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಮಾಯಾಮಾಳವಗೌಳದ ರಚನೆಯಿಂದ ಇಲ್ಲೊಂದು ಲಾಭವೂ ಉಂಟು. ಷಡ್ಜದಿಂದ ಮಧ್ಯಮದವರೆಗಿನ ಅಂತರಗಳೇ ಪಂಚಮದಿಂದ ಮೇಲಿನ ಷಡ್ಜದವರೆಗೆ ಮರಳಿ ಬರುವುದರಿಂದ ಮೊದಲ ತಂತಿಯಲ್ಲಿ ‘ನಿ ದ ಪ’ ನುಡಿಸುವ ಬೆರಳುಗಳ ನಡೆ ‘ಗ ರಿ ಸ’ದ್ದೇ ಆಗಿರುತ್ತದೆ. ಆದಕಾರಣ ಅಲ್ಲಿ ಧೈವತವೂ ಏರುತ್ತಿತ್ತೇ ಎಂದು ಪರೀಕ್ಷಿಸಿದರೆ ರೋಗನಿದಾನ ಸರಿಯೋ ತಪ್ಪೋ ಎಂಬುದು ತಿಳಿಯುತ್ತದೆ.

ಈ ಎಲ್ಲಕ್ಕೂ ಹತ್ತು ಹನ್ನೆರಡು ನಿಮಿಷ ಸಾಕಾಗಬಹುದು. ಆದರೆ ಅಂದಿನ ಕೊನೆಯಲ್ಲಿ ಚೆನ್ನಾಗಿ ಬಂದದ್ದು ಕಲಿತದ್ದರ ಸಾಕ್ಷಿಯಲ್ಲ. ಆಗ ತಾನೆ ಹತ್ತಾರು ಸಲ ಮಾಡಿದ ಚಲನೆ ಕೈಯಲ್ಲಿ ಬೆಚ್ಚಗಿರುತ್ತದೆ, ಮತ್ತು ಕಲಿಯುವವರನ್ನು ಹೆಚ್ಚು ಮೋಸಗೊಳಿಸುವುದು ಈ ಬೆಚ್ಚಗಿನ ಕೈಯೇ. ನಿಜವಾದ ಅಳತೆ ಸಿಗುವುದು ಮರುದಿನ ವಾದ್ಯವನ್ನು ಎತ್ತಿಕೊಂಡ ಕೂಡಲೇ, ಕೈ ಕಾಯಿಸುವ ಮುನ್ನ, ಮಾಡಿದ ಮೊದಲ ಪ್ರಯತ್ನದಲ್ಲಿ. ಡ್ಯೂಕ್ ಮತ್ತು ಸಂಗಡಿಗರು ಪಿಯಾನೊ ವಾದಕರನ್ನು ಮರುದಿನ ಪರೀಕ್ಷಿಸಿದ್ದರಲ್ಲೂ ಈ ಎಚ್ಚರವಿತ್ತು. ನಿಧಾನ ಸಾಧನೆಗೂ ಒಂದು ಮಿತಿ ಇದೆ. ವಿಳಂಬದಲ್ಲಿ ಬೆರಳನ್ನು ಎತ್ತರಕ್ಕೆತ್ತಿ ಇಳಿಸಲು ಸಮಯವಿರುತ್ತದೆ, ಮೂರನೆಯ ಕಾಲದಲ್ಲಿ ಇರುವುದಿಲ್ಲ. ಒಂದು ವೇಗದ ಚಲನೆ ಇನ್ನೊಂದು ವೇಗದ ಚಲನೆಯ ಹಿಗ್ಗಿಸಿದ ರೂಪ ಮಾತ್ರವಲ್ಲವಾದ್ದರಿಂದ, ನಡುನಡುವೆ ಆ ಮೂರು ಸ್ವರಗಳನ್ನಷ್ಟೇ ಪೂರ್ಣ ವೇಗದಲ್ಲಿ ಒಮ್ಮೆ ನುಡಿಸಿ ನೋಡದೆ ಹೋದರೆ ವಿಳಂಬದಲ್ಲಿ ಗೆದ್ದದ್ದು ದ್ರುತದಲ್ಲಿ ಸೋಲುತ್ತದೆ.

ಮೇಲಿನ ಪ್ರಸಂಗದಲ್ಲಿ ವಿದ್ಯಾರ್ಥಿನಿ ತಾನೇ ಎಲ್ಲವನ್ನೂ ಕಂಡುಹಿಡಿದಳೆಂದು ಭಾವಿಸಿದ್ದರೂ, ಅಂಗೈ ಜರುಗುವುದನ್ನು ಮೊದಲ ನೋಟಕ್ಕೇ ಹಿಡಿಯುವುದು ಸಾಮಾನ್ಯವಾಗಿ ಗುರುವಿನ ಕಣ್ಣು. ಎರಿಕ್ಸನ್ ಈ ಕಾರಣದಿಂದಲೇ ತನ್ನ ನಂತರದ ಬರಹಗಳಲ್ಲಿ, 2016ರಲ್ಲಿ ರಾಬರ್ಟ್ ಪೂಲ್ ಜೊತೆ ಬರೆದ ‘ಪೀಕ್’ ಪುಸ್ತಕದಲ್ಲೂ, ಎರಡು ಮಾತುಗಳನ್ನು ಬೇರ್ಪಡಿಸಿದ. ಗುರಿಯಿಟ್ಟು ಗಮನವಿಟ್ಟು ತಾನೇ ಮಾಡಿಕೊಳ್ಳುವ ಸಾಧನೆ ಒಂದು. ತಲೆಮಾರುಗಳಿಂದ ಪರೀಕ್ಷೆಗೊಳಗಾದ ಕಲಿಕೆಯ ಕ್ರಮ ಮತ್ತು ಅದನ್ನು ಬಲ್ಲ ಗುರುವಿನ ಮಾರ್ಗದರ್ಶನ ಸೇರಿದ್ದು ಇನ್ನೊಂದು. ಉದ್ದೇಶಪೂರ್ವಕ ಅಭ್ಯಾಸವೆಂಬ ಹೆಸರನ್ನು ಆತ ಎರಡನೆಯದಕ್ಕೆ ಮೀಸಲಿಟ್ಟ. ಶಾಸ್ತ್ರೀಯ ಸಂಗೀತ, ಚದುರಂಗ, ಬ್ಯಾಲೆ ನೃತ್ಯದಂಥ ಕ್ಷೇತ್ರಗಳಿಗೆ ಇದು ಹೊಂದುತ್ತದೆ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವಂಥ ಹೊಸ ಕಸುಬಿಗೆ ಅಷ್ಟು ಹಳೆಯ ಕ್ರಮವಿಲ್ಲ, ಆದರೆ ಭೇದ ಅಲ್ಲೂ ಅದೇ. ಲೂಪಿನ ಕೊನೆಯ ಸುತ್ತು ತಪ್ಪಿದಾಗ `<` ಇದ್ದಲ್ಲಿ `<=` ಹಾಕಿ, ಪರೀಕ್ಷೆ ಪಾಸಾಯಿತೆಂದು ಮುಂದೆ ಹೋಗುವವನು ಅದೇ ತಪ್ಪನ್ನು ಹತ್ತು ವರ್ಷ ಮಾಡಬಲ್ಲ. ಪ್ರೋಗ್ರಾಮನ್ನು ಓಡಿಸುವ ಮುನ್ನ, ಪಟ್ಟಿ ಖಾಲಿಯಿದ್ದರೆ, ಒಂದೇ ಅಂಶವಿದ್ದರೆ, ಮೊದಲ ಮತ್ತು ಕೊನೆಯ ಸುತ್ತಿನಲ್ಲಿ `i` ಎಷ್ಟಿರುತ್ತದೆ ಎಂದು ಕಾಗದದ ಮೇಲೆ ಬರೆದಿಟ್ಟು, ಓಡಿಸಿದ ಮೇಲೆ ಬಂದ ಉತ್ತರದೊಂದಿಗೆ ಹೋಲಿಸುವವನಿಗೆ ತನ್ನ ಮನೋಚಿತ್ರ ಎಲ್ಲಿ ತಪ್ಪಿದೆ ಎಂಬುದು ಪ್ರತಿ ಸಲವೂ ತಿಳಿಯುತ್ತದೆ.

ಅಭ್ಯಾಸವೇ ಸರ್ವಸ್ವವೆಂಬ ವಾದಕ್ಕೆ ಬಲವಾದ ವಿರೋಧವೂ ಇದೆ. ಬ್ರೂಕ್ ಮ್ಯಾಕ್ನಮಾರಾ ಮತ್ತು ಸಂಗಡಿಗರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ವಿಶ್ಲೇಷಿಸಿದಾಗ, ವ್ಯಕ್ತಿ ವ್ಯಕ್ತಿಗಳ ಸಾಧನೆಯ ಮಟ್ಟದಲ್ಲಿ ಕಾಣುವ ವ್ಯತ್ಯಾಸದಲ್ಲಿ ಅಭ್ಯಾಸದ ಪ್ರಮಾಣದಿಂದ ವಿವರಿಸಬಹುದಾದ ಪಾಲು ಸಂಗೀತದಲ್ಲಿ ಶೇಕಡಾ 21, ಕ್ರೀಡೆಯಲ್ಲಿ 18, ಓದು ಶಿಕ್ಷಣದಲ್ಲಿ ಬರೀ 4 ಎಂದು ಕಂಡಿತು. 2019ರಲ್ಲಿ ಮ್ಯಾಕ್ನಮಾರಾ ಮತ್ತು ಮೇಘಾ ಮೈತ್ರಾ ಬರ್ಲಿನ್ ಅಧ್ಯಯನವನ್ನೇ ಹೆಚ್ಚು ಕಟ್ಟುನಿಟ್ಟಾಗಿ ಮರಳಿ ನಡೆಸಿದಾಗ, ಕೆಳಗಿನ ಗುಂಪಿಗಿಂತ ಮೇಲಿನ ಎರಡೂ ಗುಂಪುಗಳು ಹೆಚ್ಚು ಸಾಧನೆ ಮಾಡಿದ್ದು ನಿಜವೆಂದು ಗೊತ್ತಾಯಿತಾದರೂ, 20ನೆಯ ವಯಸ್ಸಿಗೆ ಉತ್ತಮರೂ ಅತ್ಯುತ್ತಮರೂ ಹೆಚ್ಚುಕಡಿಮೆ ಸಮನಾಗಿ ಸುಮಾರು 11,000 ಗಂಟೆ ಮುಟ್ಟಿದ್ದರು. ಹಾಗಾದರೆ ಅತ್ಯುತ್ತಮರನ್ನು ಅತ್ಯುತ್ತಮರನ್ನಾಗಿ ಮಾಡಿದ್ದು ಬರೀ ಗಂಟೆಗಳಲ್ಲ. ಇಂಥ ವಿಶ್ಲೇಷಣೆಗಳಲ್ಲಿ ಗುರುವಿನ ಮಾರ್ಗದರ್ಶನವಿಲ್ಲದ ಅಭ್ಯಾಸವನ್ನೂ ಸೇರಿಸಿ ಎಣಿಸಲಾಗಿದೆ ಎಂಬುದು, 2020ರಲ್ಲಿ ತೀರಿಕೊಂಡ ಎರಿಕ್ಸನ್ ಎತ್ತಿದ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಆತನ 1993ರ ಅಧ್ಯಯನಕ್ಕೂ ತಟ್ಟುತ್ತದೆ. ಅಲ್ಲಿ ಅಳೆದದ್ದೂ ನೆನಪಿನಿಂದ ಹೇಳಿದ ಗಂಟೆಗಳನ್ನೇ ಹೊರತು, ಆ ಗಂಟೆಗಳಲ್ಲಿ ಎಷ್ಟು ತಪ್ಪುಗಳನ್ನು ಹಿಡಿದು ತಿದ್ದಲಾಯಿತು ಎಂಬುದನ್ನಲ್ಲ. ಪ್ರತಿಭೆ ಮತ್ತು ಅಭ್ಯಾಸಗಳ ನಡುವಿನ ಈ ವಿವಾದದಲ್ಲಿ ಎರಡೂ ಕಡೆಯವರು ಗಡಿಯಾರವನ್ನೇ ಹೆಚ್ಚು ನಂಬಿದ್ದು ಒಂದು ಕೊರತೆಯಾಗಿ ಉಳಿದಿದೆ.

ಆದರೂ ಬರ್ಲಿನ್ನಿನ ವಿದ್ಯಾರ್ಥಿಗಳು ಒಂದು ವಾರ ಬರೆದಿಟ್ಟ ದಿನಚರಿಗಳು ಈ ಬಗೆಯ ಅಭ್ಯಾಸದ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತವೆ. ಒಬ್ಬರೇ ಮಾಡುವ ಸಾಧನೆ ತಮ್ಮ ಏಳಿಗೆಗೆ ಎಲ್ಲಕ್ಕಿಂತ ಅಗತ್ಯವೆಂದು ಅವರು ಹೇಳಿದರು, ಅದು ಹೆಚ್ಚು ಶ್ರಮದ್ದೆಂದೂ ಹೇಳಿದರು, ಆದರೆ ಹೆಚ್ಚು ಸಂತೋಷ ಕೊಡುವುದೆಂದು ಹೇಳಲಿಲ್ಲ. ಪೂರ್ಣ ಗಮನ ಬೇಡುವ ಈ ಕೆಲಸ ದಿನಕ್ಕೆ ಸುಮಾರು ನಾಲ್ಕು ಗಂಟೆಗಳನ್ನು ಮೀರಿ ಬಹುಕಾಲ ನಡೆಯಲಾರದು. ಮೇಲಿನ ಎರಡು ಗುಂಪುಗಳವರು ವಾರಕ್ಕೆ ಸುಮಾರು 24 ಗಂಟೆ ಹೀಗೆ ಸಾಧನೆ ಮಾಡುತ್ತಿದ್ದರು, ಅದನ್ನು ಬಿಡುವು ಕೊಟ್ಟು ಕೊಟ್ಟು ಮಾಡುತ್ತಿದ್ದರು, ಮತ್ತು ಶಿಕ್ಷಕರಾಗಲಿದ್ದ ಗುಂಪಿನವರಿಗಿಂತ ಹೆಚ್ಚು ಹೊತ್ತು ನಿದ್ದೆ ಮಾಡುತ್ತಿದ್ದರು.